ಸ್ವಯಂಸೇವಕರ ಗಂಟೆ, ದಾನಕ್ಕೆ ಬಂದ ಲ್ಯಾಪ್‌ಟಾಪ್: ಮ್ಯಾಚಿಂಗ್ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆಯುವುದು ಹೇಗೆ

ಅನುದಾನದ ಅರ್ಜಿಗಳಲ್ಲಿ ಒಂದು ಷರತ್ತು ಆಗಾಗ ಕಾಣಿಸುತ್ತದೆ. ಯೋಜನೆಯ ಒಟ್ಟು ವೆಚ್ಚದಲ್ಲಿ ಶೇಕಡಾ 25 ಭಾಗವನ್ನು ಅರ್ಜಿ ಹಾಕುವ ಸಂಸ್ಥೆಯೇ ಹಾಕಬೇಕು, ಅದು ವಸ್ತು ಅಥವಾ ಶ್ರಮದ ರೂಪದಲ್ಲಿದ್ದರೂ ನಡೆಯುತ್ತದೆ ಅಂತ. ಈ ಪಾಲನ್ನೇ ಮ್ಯಾಚಿಂಗ್ ಅನ್ನುತ್ತಾರೆ. ಸಣ್ಣ ಟ್ರಸ್ಟ್‌ಗಳು ಇದನ್ನು ಓದಿ ನಿಟ್ಟುಸಿರು ಬಿಡುತ್ತವೆ. ಕೈಯಲ್ಲಿ ಕಾಸಿಲ್ಲದಿದ್ದರೂ ಸ್ವಯಂಸೇವಕರಿದ್ದಾರಲ್ಲ! ಎಡವಟ್ಟು ಶುರುವಾಗುವುದು ಇಲ್ಲಿಂದಲೇ. ಹಣಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಇರುತ್ತದೆ. ಒಬ್ಬರು ಮೂರು ಗಂಟೆ ಪಾಠ ಮಾಡಿದ್ದಕ್ಕೆ ಎಷ್ಟು ಬೆಲೆ ಅನ್ನುವುದನ್ನು ನಾವೇ ಬರೆಯಬೇಕು. ನಾವೇ ಬರೆಯುವುದಾದ್ದರಿಂದ ಕೈ ಉದ್ದವಾಗುತ್ತದೆ.

ಬೆಂಗಳೂರಿನ ಪುಟ್ಟ ಟ್ರಸ್ಟ್‌ಗಳ ಲೆಕ್ಕ ನೋಡಿಕೊಳ್ಳುತ್ತಾ ನಾನು ಇಂಥ ಹತ್ತಾರು ಬಜೆಟ್ ಬರೆದಿದ್ದೇನೆ, ಒಂದೆರಡು ಸಲ ತಪ್ಪಾಗಿಯೂ ಬರೆದಿದ್ದೇನೆ. ಇಲ್ಲಿ ಒಂದೇ ಬಜೆಟ್ ಹಿಡಿದು ಮೊದಲಿನಿಂದ ಕೊನೆಯವರೆಗೆ ನೋಡೋಣ. ಪೀಣ್ಯದ ಕಡೆ ಕಾರ್ಖಾನೆ ಕಾರ್ಮಿಕರ ಮಕ್ಕಳಿಗಾಗಿ ಶನಿವಾರದ ಓದು ಮತ್ತು ಕಂಪ್ಯೂಟರ್ ಕೇಂದ್ರ. ಜೂನ್‌ನಿಂದ ಮಾರ್ಚ್‌ವರೆಗೆ, ಹಬ್ಬ-ರಜೆ ಕಳೆದು 40 ಶನಿವಾರ. ಕೇಳುತ್ತಿರುವ ಅನುದಾನ 6 ಲಕ್ಷ ರೂಪಾಯಿ. ಇಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ದರಗಳನ್ನು ನಿಮ್ಮ ಏರಿಯಾದಲ್ಲೇ ವಿಚಾರಿಸಿ ಬರೆಯಬೇಕು.

ಮೊದಲು: ಶೇಕಡಾ 25, ಆದರೆ ಯಾವುದರಲ್ಲಿ?

ಷರತ್ತನ್ನು ಎರಡು ಸಲ ಓದಿ. "ಒಟ್ಟು ವೆಚ್ಚದ ಶೇಕಡಾ 25" ಬೇರೆ, "ಅನುದಾನದ ಶೇಕಡಾ 25" ಬೇರೆ. ಒಟ್ಟು ವೆಚ್ಚದಲ್ಲಿ 25 ನಮ್ಮದಾದರೆ ಉಳಿದ 75 ಅವರದು. ಅಂದರೆ 6 ಲಕ್ಷ ಅನ್ನುವುದು 75 ಭಾಗ. ಎಕ್ಸೆಲ್‌ನಲ್ಲಿ ಹೀಗೆ ಹಾಕಿ ನೋಡಿ:

```
=600000*25/75
=600000*25/100
```

ಮೊದಲ ಸಾಲು 2,00,000 ಕೊಡುತ್ತದೆ, ಎರಡನೆಯದು 1,50,000. ವ್ಯತ್ಯಾಸ ಐವತ್ತು ಸಾವಿರ. ಎರಡನೆಯ ರೀತಿ ಲೆಕ್ಕ ಹಾಕಿ ಅರ್ಜಿ ಕಳಿಸಿ, ಅನುದಾನ ಮಂಜೂರಾದ ಮೇಲೆ ಆ ಐವತ್ತು ಸಾವಿರಕ್ಕೆ ಪರದಾಡಿದವರನ್ನು ನೋಡಿದ್ದೇನೆ. ನಮ್ಮ ಉದಾಹರಣೆಯಲ್ಲಿ ಷರತ್ತು ಒಟ್ಟು ವೆಚ್ಚದ ಮೇಲಿದೆ. ಹಾಗಾಗಿ ನಾವು ತೋರಿಸಬೇಕಾದದ್ದು 2 ಲಕ್ಷ, ಯೋಜನೆಯ ಒಟ್ಟು ವೆಚ್ಚ 8 ಲಕ್ಷ.

ಇದರ ಜೊತೆಗೆ ಇನ್ನೊಂದು ವಿಷಯ ನೋಡಿಕೊಳ್ಳಿ. ಕೆಲವರು ಮ್ಯಾಚಿಂಗ್‌ನಲ್ಲಿ ಇಷ್ಟು ಭಾಗ ನಗದೇ ಇರಬೇಕು ಎನ್ನುತ್ತಾರೆ. ಅದು ಬರವಣಿಗೆಯಲ್ಲಿ ಸ್ಪಷ್ಟವಾಗಿಲ್ಲ ಅಂದರೆ ಅರ್ಜಿ ಹಾಕುವ ಮೊದಲೇ ಇಮೇಲ್ ಮಾಡಿ ಕೇಳಿ, ಉತ್ತರವನ್ನು ಫೈಲ್‌ನಲ್ಲಿ ಇಟ್ಟುಕೊಳ್ಳಿ.

ಗಂಟೆಗೆ ಎಷ್ಟು: ಬೆಲೆ ಕೆಲಸಕ್ಕೆ, ಮಾಡುವವರ ಸಂಬಳಕ್ಕಲ್ಲ

ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ. ನಮ್ಮ ಸ್ವಯಂಸೇವಕರಲ್ಲಿ ಅರ್ಧಕ್ಕರ್ಧ ಸಾಫ್ಟ್‌ವೇರ್‌ನವರು. ಮೊದಲ ಕರಡಿನಲ್ಲಿ ಕೋಆರ್ಡಿನೇಟರ್ ಹೀಗೆ ಬರೆದಿದ್ದರು: ನಾಲ್ವರು ಎಂಜಿನಿಯರ್‌ಗಳು, ಶನಿವಾರಕ್ಕೆ ಮೂರು ಗಂಟೆ, 40 ಶನಿವಾರ, ಒಟ್ಟು 480 ಗಂಟೆ. ಗಂಟೆಗೆ 1,000 ರೂಪಾಯಿ. ಒಟ್ಟು 4,80,000. ಬೇಕಾದ ಎರಡು ಲಕ್ಷದ ಎರಡರಷ್ಟಕ್ಕಿಂತ ಹೆಚ್ಚು, ಒಂದೇ ಸಾಲಿನಲ್ಲಿ!

"ಅವರ ಸಂಬಳಕ್ಕೆ ಹೋಲಿಸಿದ್ರೆ ಸಾವಿರ ಕಮ್ಮೀನೇ ಮೇಡಂ" ಅಂದರು.

ಅವರು ಹೇಳಿದ್ದು ಸುಳ್ಳಲ್ಲ. ಆದರೆ ಆ ಎಂಜಿನಿಯರ್ ನಮ್ಮಲ್ಲಿ ಕೋಡ್ ಬರೆಯುತ್ತಿಲ್ಲ, ಐದನೇ ಕ್ಲಾಸಿನ ಮಗುವಿಗೆ ಭಾಗಾಕಾರ ಹೇಳಿಕೊಡುತ್ತಿದ್ದಾರೆ. ಅವರು ಬರದಿದ್ದರೆ ನಾವು ಯಾರನ್ನು ಇಟ್ಟುಕೊಳ್ಳುತ್ತಿದ್ದೆವು? ಒಬ್ಬ ಟ್ಯೂಷನ್ ಮೇಷ್ಟ್ರನ್ನು. ಹಾಗಾಗಿ ಬರೆಯಬೇಕಾದದ್ದು ಮೇಷ್ಟ್ರ ದರ. ಅಮೆರಿಕದ ಸರ್ಕಾರಿ ಅನುದಾನಗಳ ನಿಯಮದಲ್ಲೂ (2 CFR 200.306) ಇದೇ ಇದೆ: ಆ ಸಂಸ್ಥೆಯಲ್ಲಿ ಅದೇ ತರಹದ ಕೆಲಸಕ್ಕೆ ಕೊಡುವ ದರ, ಅಲ್ಲಿ ಅಂಥ ಕೆಲಸವೇ ಇಲ್ಲದಿದ್ದರೆ ಅದೇ ಮಾರುಕಟ್ಟೆಯಲ್ಲಿ ನಡೆಯುವ ದರ. ನಿಮ್ಮ ಫಂಡರ್ ಬೇರೆಯವರಾದರೂ ಈ ಅಳತೆಗೋಲು ಇಟ್ಟುಕೊಂಡರೆ ಯಾರ ಮುಂದೆ ಬೇಕಾದರೂ ಉತ್ತರ ಕೊಡಬಹುದು.

ನಮ್ಮದೇ ಬಜೆಟ್‌ನಲ್ಲಿ ಒಬ್ಬ ಅರೆಕಾಲಿಕ ಶಿಕ್ಷಕಿ ಇದ್ದಾರೆ. ತಿಂಗಳಿಗೆ 80 ಗಂಟೆ, 16,000 ರೂಪಾಯಿ. ಗಂಟೆಗೆ 200 ಆಯಿತು. ಸ್ವಯಂಸೇವಕರ ಪಾಠಕ್ಕೂ ಅದೇ 200. ಅದೇ ಕೋಣೆಯಲ್ಲಿ ಅದೇ ಮಕ್ಕಳಿಗೆ ಸಂಬಳದ ಶಿಕ್ಷಕಿ ಗಂಟೆಗೆ 200ಕ್ಕೆ ಪಾಠ ಮಾಡುತ್ತಿರುವಾಗ ಪಕ್ಕದವರ ಗಂಟೆಗೆ 1,000 ಬರೆದರೆ, ಓದುವವರ ಕಣ್ಣಿಗೆ ಮೊದಲು ಬೀಳುವುದೇ ಅದು.

ಹಾಗಂತ ಎಲ್ಲರಿಗೂ 200 ಅಂತಲ್ಲ. ಅದೇ ಎಂಜಿನಿಯರ್ ಒಂದು ಭಾನುವಾರ ಬಂದು ಲ್ಯಾಪ್‌ಟಾಪ್‌ಗಳಿಗೆ ಸಾಫ್ಟ್‌ವೇರ್ ಹಾಕಿ ನೆಟ್‌ವರ್ಕ್ ಜೋಡಿಸಿದರೆ ಅದು ಟೆಕ್ನಿಷಿಯನ್ ಕೆಲಸ. ಹತ್ತಿರದ ಕಂಪ್ಯೂಟರ್ ಸರ್ವಿಸ್ ಅಂಗಡಿಯಲ್ಲಿ ಗಂಟೆಗೆ 400 ಅಂದರು, ಅದನ್ನು ಬರೆದುಕೊಂಡೆವು. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ತಿಂಗಳಿಗೆ ನಾಲ್ಕು ಗಂಟೆ ನಮ್ಮ ವೋಚರ್‌ಗಳನ್ನು ಜೋಡಿಸಿ ಟ್ಯಾಲಿಯಲ್ಲಿ ಹಾಕುತ್ತಾರೆ. ಅದಕ್ಕೆ ಅರೆಕಾಲಿಕ ಅಕೌಂಟೆಂಟ್ ದರ, 300. ಅದೇ ಹಿರಿಯರು ವಾರ್ಷಿಕೋತ್ಸವದ ದಿನ ಊಟ ಬಡಿಸಿದರೆ ಆ ಗಂಟೆಗೆ ಸಹಾಯಕರ ದರ. ಮನುಷ್ಯ ಒಬ್ಬರೇ, ಕೆಲಸ ಬದಲಾದರೆ ದರವೂ ಬದಲಾಗುತ್ತದೆ.

ಪ್ರತಿ ದರದ ಹಿಂದೆ ಒಂದು ಕಾಗದ ಇರಲಿ: ಸಂಬಳದ ಆದೇಶದ ಪ್ರತಿ, ಅಂಗಡಿಯ ಕೊಟೇಶನ್, ಅಥವಾ ಅಂಥ ಕೆಲಸಕ್ಕೆ ಕೊಟ್ಟ ಹಳೆಯ ಬಿಲ್. "ಸುಮಾರು ಇಷ್ಟಿರುತ್ತೆ" ಅನ್ನುವುದು ದಾಖಲೆ ಅಲ್ಲ.

480 ಅಲ್ಲ, 360

ದರ ಸರಿಹೋಯಿತು, ಗಂಟೆ? ನಾಲ್ವರೂ ನಲವತ್ತೂ ಶನಿವಾರ ಬರುತ್ತಾರೆ ಅನ್ನುವುದು ಕನಸು. ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇರುತ್ತದೆ, ಊರಿಗೆ ಹೋಗುತ್ತಾರೆ, ಮಳೆ ಬಂದರೆ ಔಟರ್ ರಿಂಗ್ ರೋಡ್ ದಾಟಿ ಬರುವುದೇ ಕಷ್ಟ. ಹಿಂದಿನ ವರ್ಷದ ಹಾಜರಿ ಪುಸ್ತಕ ತೆಗೆದು ನೋಡಿದೆವು. ನಾಲ್ಕು ಜನ ಬರಬೇಕಾದ ಕಡೆ ಸರಾಸರಿ ಮೂವರು ಬಂದಿದ್ದರು. ಹಾಗಾಗಿ 480ರ ಮುಕ್ಕಾಲು, 360 ಗಂಟೆ. 200ರಂತೆ 72,000 ರೂಪಾಯಿ. ನಾಲ್ಕು ಲಕ್ಷ ಎಂಬತ್ತು ಸಾವಿರ ಎಪ್ಪತ್ತೆರಡು ಸಾವಿರಕ್ಕೆ ಇಳಿಯಿತು. ಕೋಆರ್ಡಿನೇಟರ್ ಮುಖ ಸಪ್ಪಗಾಯಿತು. ಆದರೆ ಇದು ನಾವು ಕೊಡಬಲ್ಲ ಸಂಖ್ಯೆ.

ಯಾರ ಗಂಟೆ ಸೇರುವುದಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಂಬಳ ಪಡೆಯುವ ಸಿಬ್ಬಂದಿ ಶನಿವಾರ ಹೆಚ್ಚು ಹೊತ್ತು ಕೂತರೆ ಅದನ್ನು ಸ್ವಯಂಸೇವೆ ಅಂತ ಬರೆಯಬೇಡಿ. ಟ್ರಸ್ಟಿಗಳ ಮೀಟಿಂಗ್ ಯೋಜನೆಯ ಕೆಲಸವಲ್ಲ, ಆದರೆ ಟ್ರಸ್ಟಿಯೇ ಬಂದು ಪಾಠ ಮಾಡಿದರೆ ಉಳಿದವರಂತೆ ಸೇರಿಸಬಹುದು. ಪೋಷಕರ ಸಭೆಗೆ ಬಂದ ತಂದೆ-ತಾಯಿಯರು ಯೋಜನೆಯ ಫಲಾನುಭವಿಗಳು, ಅವರ ಸಮಯಕ್ಕೆ ಬೆಲೆ ಕಟ್ಟಬೇಡಿ. ಒಬ್ಬ ಸ್ವಯಂಸೇವಕನಿಗೆ ದಿನಕ್ಕೆ 150 ರೂಪಾಯಿ ಗೌರವಧನ ಕೊಡುತ್ತೀರಿ ಅಂದುಕೊಳ್ಳಿ. ಮೂರು ಗಂಟೆಯ 600ರಲ್ಲಿ 150 ಈಗಾಗಲೇ ನಗದು ಖರ್ಚು. ಕೊಡುಗೆ ಅಂತ ಬರೆಯಬಹುದಾದದ್ದು 450 ಮಾತ್ರ.

ಕಂಪನಿಯೊಂದು ತನ್ನ ಉದ್ಯೋಗಿಗಳನ್ನು ಕೆಲಸದ ದಿನ, ಸಂಬಳ ಸಮೇತ ಕಳಿಸಿಕೊಟ್ಟರೆ ಆ ಸಮಯ ಕಂಪನಿಯ ಕೊಡುಗೆ. ಕಂಪನಿಯಿಂದ ಪತ್ರ ತೆಗೆದುಕೊಳ್ಳಿ. ಇಲ್ಲಿ ಒಂದು ಎಚ್ಚರ ಬೇಕು. ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟ್‌ನಲ್ಲಿ ಹೊರಡಿಸಿದ ಸಿಎಸ್‌ಆರ್ ಪ್ರಶ್ನೋತ್ತರದಲ್ಲಿ, ವಸ್ತು ರೂಪದ ಕೊಡುಗೆಯನ್ನಾಗಲಿ ಉದ್ಯೋಗಿಗಳ ಸಮಯವನ್ನಾಗಲಿ ಹಣಕ್ಕೆ ತಿರುಗಿಸಿ ಸಿಎಸ್‌ಆರ್ ವೆಚ್ಚ ಅಂತ ತೋರಿಸುವಂತಿಲ್ಲ ಎಂದಿದೆ. ನಮ್ಮ ಬಜೆಟ್‌ನಲ್ಲಿ ನಾವು ಆ ಗಂಟೆಗಳಿಗೆ ಬೆಲೆ ಬರೆದುಕೊಳ್ಳುವುದು ಬೇರೆ ವಿಷಯ. ಕಂಪನಿಯವರು "ಇಷ್ಟು ಲಕ್ಷ ಸಿಎಸ್‌ಆರ್ ಆಯ್ತು ಅಂತ ಲೆಟರ್ ಕೊಡಿ" ಅಂದರೆ ಕೊಡಬೇಡಿ.

ಲ್ಯಾಪ್‌ಟಾಪ್: ಕೊಂಡಾಗಿನ ಬೆಲೆಯಲ್ಲ, ಕೊಟ್ಟ ದಿನದ ಬೆಲೆ

ಕಂಪನಿಯೊಂದು ಐದು ವರ್ಷ ಬಳಸಿದ ಆರು ಲ್ಯಾಪ್‌ಟಾಪ್ ಕೊಟ್ಟಿತು. ಜೊತೆಗಿದ್ದ ಪತ್ರದಲ್ಲಿ ತಲಾ 40,000, ಒಟ್ಟು 2,40,000 ಅಂತ ಬರೆದಿತ್ತು. ಅದು ಅವರು ಹೊಸದಾಗಿ ಕೊಂಡಾಗಿನ ದರ. ಆರನ್ನೂ ಬ್ಯಾಗಿಗೆ ತುಂಬಿಕೊಂಡು ಎಸ್‌ಪಿ ರೋಡಿಗೆ ಹೋದೆವು. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಮಾರುವ ಅಂಗಡಿಯವರು ಒಂದೊಂದನ್ನೂ ಆನ್ ಮಾಡಿದರು, ಕೀಬೋರ್ಡ್ ಒತ್ತಿ ನೋಡಿದರು, ಚಾರ್ಜರ್ ಎಳೆದರು. ಎರಡು ತಕ್ಷಣ ಕಪ್ಪಾದವು. "ಇವೆರಡಕ್ಕೆ ಬ್ಯಾಟರಿ ಹೋಗಿದೆ ಮೇಡಂ. ಏಳು ಸಾವಿರದ ಮೇಲೆ ಯಾರೂ ಕೊಡಲ್ಲ. ಉಳಿದವು ಒಂಬತ್ತಕ್ಕೆ ಹೋಗ್ತವೆ" ಅಂದರು. ಅದನ್ನೇ ಅಂಗಡಿಯ ಲೆಟರ್‌ಹೆಡ್‌ನಲ್ಲಿ, ಮಾಡೆಲ್ ಮತ್ತು ಸೀರಿಯಲ್ ನಂಬರ್ ಸಮೇತ ಬರೆಸಿಕೊಂಡೆವು. ನಾಲ್ಕಕ್ಕೆ 36,000, ಎರಡಕ್ಕೆ 14,000. ಒಟ್ಟು 50,000.

ಬೆಲೆಗಿಂತ ಮೊದಲು ಇನ್ನೊಂದು ಪ್ರಶ್ನೆ ಇದೆ: ಈ ವಸ್ತು ಯೋಜನೆಗೆ ಬೇಕೇ? ದಾನ ಬರದಿದ್ದರೆ ನಾವೇ ಕೊಳ್ಳುತ್ತಿದ್ದೆವೇ? ನಮ್ಮ ಯೋಜನೆಯಲ್ಲಿ ಕಂಪ್ಯೂಟರ್ ಕಲಿಕೆ ಇದೆ, ಆರು ಬೇಕು. ಹದಿನಾರು ಬಂದಿದ್ದರೂ ಮ್ಯಾಚಿಂಗ್‌ಗೆ ಆರೇ. ಮೂಲೆಯಲ್ಲಿ ಧೂಳು ತಿನ್ನುವ ಹತ್ತಕ್ಕೆ ಬೆಲೆ ಕಟ್ಟುವಂತಿಲ್ಲ.

ದಾನಿಗೆ ರಸೀದಿ ಕೊಡುವಾಗ ವಸ್ತುವಿನ ವಿವರ, ಸಂಖ್ಯೆ, ದಿನಾಂಕ ಬರೆದು ಸ್ವೀಕೃತಿ ಪತ್ರ ಕೊಡಿ. ಆದಾಯ ತೆರಿಗೆ ರಿಯಾಯಿತಿಗೆ ಬೇಕಾದ 80ಜಿ ರಸೀದಿ ಕೊಡಬೇಡಿ. ಆ ರಿಯಾಯಿತಿ ಹಣವಾಗಿ ಕೊಟ್ಟ ದಾನಕ್ಕೆ ಮಾತ್ರ. ವಸ್ತುವಿಗೂ ಗಂಟೆಗೂ ಅದು ಸಿಗುವುದಿಲ್ಲ.

ಕೋಣೆ

ನಮ್ಮ ತರಗತಿ ನಡೆಯುವುದು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಹಾಲ್‌ನಲ್ಲಿ. ಅವರು ಬಾಡಿಗೆ ತೆಗೆದುಕೊಳ್ಳುವುದಿಲ್ಲ. ಅವರ ದರಪಟ್ಟಿಯಲ್ಲಿ ಅರ್ಧ ದಿನಕ್ಕೆ ಎರಡು ದರ ಇವೆ. ನಾಮಕರಣ, ಹುಟ್ಟುಹಬ್ಬದಂಥ ಸಮಾರಂಭಕ್ಕೆ 2,500. ಸಂಗೀತ ಪಾಠ, ಯೋಗ, ಟ್ಯೂಷನ್‌ಗೆ 800. ನಾವು ಹಣ ಕೊಟ್ಟಿದ್ದರೆ ಕೊಡುತ್ತಿದ್ದದ್ದು 800. ಹಾಗಾಗಿ 40 ಶನಿವಾರಕ್ಕೆ 32,000. ಶನಿವಾರ ಬೆಳಿಗ್ಗೆ ಮಾತ್ರ ಬಳಸಿ ಇಡೀ ತಿಂಗಳ ಬಾಡಿಗೆ ಬರೆಯುವುದು ತಪ್ಪು. ಕಟ್ಟಡ ನಿಮ್ಮ ಟ್ರಸ್ಟ್‌ನದ್ದೇ ಆಗಿದ್ದರೆ ನಿಮಗೆ ನೀವೇ ಬಾಡಿಗೆ ಕೊಟ್ಟಂತೆ ತೋರಿಸಬೇಡಿ. ಹೆಚ್ಚೆಂದರೆ ಸವಕಳಿಯ ಒಂದು ಪಾಲು, ಅದೂ ಫಂಡರ್ ಒಪ್ಪಿದರೆ.

ಎಲ್ಲ ಕೂಡಿಸಿದಾಗ

| ಕೊಡುಗೆ | ಲೆಕ್ಕ | ರೂಪಾಯಿ |
|---|---|---|
| ಪಾಠ | 360 ಗಂಟೆ × 200 | 72,000 |
| ಕಂಪ್ಯೂಟರ್ ಜೋಡಣೆ | 16 ಗಂಟೆ × 400 | 6,400 |
| ಲೆಕ್ಕಪತ್ರ | 40 ಗಂಟೆ × 300 | 12,000 |
| ಹಾಲ್ | 40 ದಿನ × 800 | 32,000 |
| ಲ್ಯಾಪ್‌ಟಾಪ್ | 6, ಕೊಟೇಶನ್ ಪ್ರಕಾರ | 50,000 |
| ಒಟ್ಟು | | 1,72,400 |

ಬೇಕಾದದ್ದು 2 ಲಕ್ಷ. 27,600 ಕಡಿಮೆ ಬಿತ್ತು. ಮನಸ್ಸು ಜಾರುವುದು ಈ ಹೊತ್ತಿನಲ್ಲಿ. 200ನ್ನು 280 ಮಾಡಿದರೆ ಸಾಕು, ಮುಗಿದೇ ಹೋಯಿತು. ಹಾಗೆ ಮಾಡಬೇಡಿ. ಕೊರತೆಗೆ ತಕ್ಕಂತೆ ದರ ಏರಿಸಿದ ಬಜೆಟ್ ಓದುವವರಿಗೆ ಗೊತ್ತಾಗುತ್ತದೆ, ಏಕೆಂದರೆ ಮೊತ್ತ ಬೇಕಾದ ಸಂಖ್ಯೆಗೆ ಸರಿಯಾಗಿ ಬಂದು ನಿಂತಿರುತ್ತದೆ, ಆದರೆ ದರದ ಹಿಂದೆ ಕಾಗದ ಇರುವುದಿಲ್ಲ.

ನೇರ ದಾರಿಗಳು ಎರಡು. ಒಂದು, 27,600ನ್ನು ನಗದಾಗಿ ಹಾಕುವುದು. ತಿಂಗಳು ತಿಂಗಳು ಬರುವ ಸಣ್ಣ ದಾನಗಳಿಂದ ಅಷ್ಟನ್ನು ಈ ಯೋಜನೆಗೆ ತೆಗೆದಿಡುತ್ತೇವೆ ಅಂತ ಟ್ರಸ್ಟಿಗಳು ನಿರ್ಣಯ ಮಾಡಿದರು, ನಾವು ಅದನ್ನೇ ಮಾಡಿದೆವು. ಇನ್ನೊಂದು, ಕೇಳುವ ಹಣವನ್ನೇ ಇಳಿಸುವುದು. 1,72,400 ನಮ್ಮ 25 ಭಾಗವಾದರೆ ಅವರ 75 ಭಾಗ 5,17,200. ಅಷ್ಟರಲ್ಲಿ ಕೆಲಸ ನಡೆಯುವುದಾದರೆ ಅಷ್ಟೇ ಕೇಳಿ.

ಉಲ್ಟಾ ಪರಿಸ್ಥಿತಿಯೂ ಬರಬಹುದು: ನಿಮ್ಮ ಹತ್ತಿರ ಮೂರು ಲಕ್ಷದ ಕೊಡುಗೆ ಇದೆ. ಆಗಲೂ ಬಜೆಟ್‌ನಲ್ಲಿ ಕೇಳಿದಷ್ಟೇ ತೋರಿಸಿ. ಬಜೆಟ್‌ನಲ್ಲಿ ಅಂಕಿ ಬರೆದು ಮಂಜೂರಾತಿ ಬಂತು ಅಂದರೆ ಅದು ಮಾತು ಕೊಟ್ಟಂತೆ, ಕೊನೆಯಲ್ಲಿ ಪೂರ್ತಿ ಲೆಕ್ಕ ಕೊಡಬೇಕು. ಜಾಸ್ತಿ ಇರುವುದನ್ನು ವಿವರಣೆಯ ಭಾಗದಲ್ಲಿ ಮೊತ್ತ ಹಾಕದೆ ಹೇಳಿದರೆ ಸಾಕು.

ಬಜೆಟ್ ಶೀಟ್‌ನಲ್ಲಿ ಈ ಪ್ರತಿ ಸಾಲೂ ಎರಡು ಕಡೆ ಬರಬೇಕು. ಆದಾಯದ ಕಡೆ "ಹಾಲ್, ವಸ್ತು ರೂಪದ ಕೊಡುಗೆ 32,000", ಖರ್ಚಿನ ಕಡೆ "ಹಾಲ್ ಬಾಡಿಗೆ 32,000". ಒಂದೇ ಕಡೆ ಬರೆದರೆ ಇಲ್ಲದ ಉಳಿತಾಯವೋ ಇಲ್ಲದ ಕೊರತೆಯೋ ಕಾಣಿಸುತ್ತದೆ. ನಗದಿಗೆ ಒಂದು ಕಾಲಂ, ವಸ್ತು-ಶ್ರಮಕ್ಕೆ ಇನ್ನೊಂದು ಕಾಲಂ ಇಡಿ. ಎರಡನ್ನೂ ಬೆರೆಸಿದರೆ, ಆರು ತಿಂಗಳ ನಂತರ ಬ್ಯಾಂಕಿನಲ್ಲಿ ಎಷ್ಟಿರಬೇಕಿತ್ತು ಅಂತ ನಿಮಗೇ ತಿಳಿಯುವುದಿಲ್ಲ.

ಶೀಟ್ ಮುಚ್ಚುವ ಮೊದಲು ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳಿ: ಇದನ್ನು ಬೇರೆ ಯಾವ ಫಂಡರ್‌ಗಾದರೂ ತೋರಿಸಿದ್ದೇವಾ? ಅದೇ 360 ಗಂಟೆಯನ್ನು ಇಬ್ಬರಿಗೆ ತೋರಿಸುವಂತಿಲ್ಲ. ಒಬ್ಬರ ಅನುದಾನದಲ್ಲಿ ಕೊಂಡ ವಸ್ತುವನ್ನು ಇನ್ನೊಬ್ಬರ ಮುಂದೆ ನಮ್ಮ ಕೊಡುಗೆ ಅನ್ನುವಂತಿಲ್ಲ.

ಹಾಜರಿ ಪುಸ್ತಕ

ಇದು ನನ್ನದೇ ತಪ್ಪಿನಿಂದ ಕಲಿತದ್ದು. ಹಿಂದೆ ಬೇರೊಂದು ಯೋಜನೆಯಲ್ಲಿ ನಾವು ತಿಂಗಳ ಕೊನೆಯಲ್ಲಿ ಕೂತು ಸ್ವಯಂಸೇವಕರ ಹಾಜರಿ ತುಂಬಿಸುತ್ತಿದ್ದೆವು. ಎಲ್ಲ ಶನಿವಾರಕ್ಕೂ ಟಿಕ್, ಎಲ್ಲರಿಗೂ ಮೂರು ಗಂಟೆ, ಒಂದೇ ನೀಲಿ ಪೆನ್ನು. ಆ ವರ್ಷ ನವೆಂಬರ್ 1 ಶನಿವಾರ ಬಂದಿತ್ತು. ಅಂದು ತರಗತಿಯೇ ಇರಲಿಲ್ಲ, ಮಕ್ಕಳನ್ನು ರಾಜ್ಯೋತ್ಸವದ ಧ್ವಜಾರೋಹಣಕ್ಕೆ ಕರೆದುಕೊಂಡು ಹೋಗಿದ್ದೆವು. ಆ ಫೋಟೋ ನಮ್ಮ ವರದಿಯ ಎರಡನೇ ಪುಟದಲ್ಲೇ ಇತ್ತು. ಹಾಜರಿಯಲ್ಲಿ ಮಾತ್ರ ನಾಲ್ವರು ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆವರೆಗೆ ಗಣಿತ ಪಾಠ ಮಾಡಿದ್ದರು! ಅನುದಾನ ಕೊಟ್ಟವರ ಕಡೆಯವರು ಆ ಎರಡು ಹಾಳೆಯನ್ನು ಪಕ್ಕಪಕ್ಕ ಇಟ್ಟು ಸುಮ್ನೆ ನನ್ನ ಮುಖ ನೋಡಿದರು. ಹನ್ನೆರಡು ಗಂಟೆಯ ತಪ್ಪಿಗೆ ಇಡೀ ವರ್ಷದ ಗಂಟೆಗಳು ಅನುಮಾನಕ್ಕೆ ಬಿದ್ದವು. ನಿಜವಾಗಿ ಬಂದು ದುಡಿದವರ ಸಮಯಕ್ಕೂ ಬೆಲೆ ಇಲ್ಲದಂತಾಯಿತು. ಅದು ಇವತ್ತಿಗೂ ನನಗೆ ನೋವಿನ ವಿಷಯ.

ಅಂದಿನಿಂದ ನಮ್ಮ ಪುಸ್ತಕ ಬಾಗಿಲ ಹತ್ತಿರದ ಮೇಜಿನ ಮೇಲೆ, ದಾರಕ್ಕೆ ಕಟ್ಟಿದ ಪೆನ್ನಿನ ಜೊತೆ ಇರುತ್ತದೆ. ಬಂದವರೇ ಬರೆಯಬೇಕು: ದಿನಾಂಕ, ಬಂದ ಸಮಯ, ಹೋದ ಸಮಯ, ಮಾಡಿದ ಕೆಲಸ, ಸಹಿ. ಆ ದಿನವೇ ಕೋಆರ್ಡಿನೇಟರ್ ಕೂಡ ಸಹಿ ಹಾಕಬೇಕು. ಕೆಲಸದ ಕಾಲಂನಲ್ಲಿ "ಸೇವೆ" ಅಂತ ಬರೆದರೆ ಸಾಲದು. "5ನೇ ತರಗತಿ, ಭಾಗಾಕಾರ, 9 ಮಕ್ಕಳು" ಅಂತಿರಲಿ. ಆ ಒಂದು ಸಾಲಿನಿಂದಲೇ ಯಾವ ದರ ಅನ್ನುವುದೂ ತಿಳಿಯುತ್ತದೆ. ನಿಜವಾದ ಹಾಜರಿ ನೋಡಿದರೇ ಗೊತ್ತಾಗುತ್ತದೆ: ಒಬ್ಬರು 9:50ಕ್ಕೆ ಬಂದಿರುತ್ತಾರೆ, ಇನ್ನೊಬ್ಬರು ಬೇಗ ಹೋಗಿರುತ್ತಾರೆ, ಒಂದು ಶನಿವಾರ ಒಬ್ಬರೇ ಇರುತ್ತಾರೆ.

ನಮ್ಮ ಆಡಿಟರ್ ಸ್ವಯಂಸೇವಕರ ಗಂಟೆಗಳನ್ನು ಟ್ರಸ್ಟ್‌ನ ಆದಾಯ-ವೆಚ್ಚದ ಪಟ್ಟಿಗೆ ಸೇರಿಸುವುದಿಲ್ಲ. ಹಾಗಾಗಿ ಇದಕ್ಕೆ ಪ್ರತ್ಯೇಕ ರಿಜಿಸ್ಟರ್ ಇಟ್ಟಿದ್ದೇವೆ. ಫಂಡರ್‌ಗೆ ಕೊಡುವ ವರದಿಯ ಒಟ್ಟು ಮೊತ್ತವೂ ಆಡಿಟ್ ಆದ ಲೆಕ್ಕವೂ ಯಾಕೆ ಬೇರೆ ಬೇರೆ ಅನ್ನುವುದನ್ನು ಒಂದು ಪುಟದಲ್ಲಿ ಬರೆದು ಜೊತೆಗಿಡುತ್ತೇವೆ.

ಅರ್ಧ ವರ್ಷಕ್ಕೆ ಒಮ್ಮೆ ನಿಂತು ನೋಡಿ

ಶನಿವಾರಕ್ಕೆ 9 ಗಂಟೆ ಅಂತ ಲೆಕ್ಕ ಇಟ್ಟಿದ್ದೆವು. ಅಕ್ಟೋಬರ್ ಕೊನೆಗೆ 20 ಶನಿವಾರ ಮುಗಿದಿದ್ದವು, ಪುಸ್ತಕದಲ್ಲಿ 180 ಗಂಟೆ ಇರಬೇಕಿತ್ತು. ಕೂಡಿಸಿದರೆ 120. ಅಂದರೆ 60 ಗಂಟೆ, 12,000 ರೂಪಾಯಿ ಹಿಂದೆ. ಮಾರ್ಚ್‌ನಲ್ಲಿ ಗೊತ್ತಾಗಿದ್ದರೆ ಮಾಡಲು ಏನೂ ಉಳಿಯುತ್ತಿರಲಿಲ್ಲ, ಒಪ್ಪಂದದ ಪ್ರಕಾರ ಅನುದಾನದ ಕೊನೆಯ ಕಂತು ಕಡಿತವಾಗುತ್ತಿತ್ತು. ಅಕ್ಟೋಬರ್‌ನಲ್ಲಿ ದಾರಿ ಇತ್ತು. ಅದೇ ವಾರ ಫಂಡರ್‌ಗೆ ಹೀಗೆ ಬರೆದೆವು:

"ಪಾಠದ ಸ್ವಯಂಸೇವೆ ಯೋಜಿಸಿದ್ದಕ್ಕಿಂತ 60 ಗಂಟೆ ಕಡಿಮೆ ಆಗಿದೆ. ಇದರ ಬದಲು ನವೆಂಬರ್‌ನಿಂದ ಮಾರ್ಚ್‌ವರೆಗೆ ಮಕ್ಕಳ ಓದಿಗೆ ಬೇಕಾದ ಪುಸ್ತಕಗಳನ್ನು 12,000 ರೂಪಾಯಿ ನಗದು ಕೊಟ್ಟು ನಾವೇ ಕೊಳ್ಳುತ್ತೇವೆ. ಗಂಟೆಯ ದರದಲ್ಲಿ ಬದಲಾವಣೆ ಇಲ್ಲ. ಈ ಬದಲಾವಣೆಗೆ ನಿಮ್ಮ ಒಪ್ಪಿಗೆ ಕೋರುತ್ತೇವೆ. ಹಾಜರಿ ಪುಸ್ತಕದ ಪ್ರತಿ ಲಗತ್ತಿಸಿದೆ."

ನಾಲ್ಕನೇ ದಿನ ಒಪ್ಪಿಗೆಯ ಇಮೇಲ್ ಬಂತು. ಅದನ್ನು ಪ್ರಿಂಟ್ ಮಾಡಿ ಬಜೆಟ್ ಫೈಲ್‌ನಲ್ಲಿ, 72,000 ಅಂತ ಬರೆದಿದ್ದ ಪುಟದ ಹಿಂದೆಯೇ ಸೇರಿಸಿದೆವು.